ಸ್ಪ್ಯಾನ್ ದುಪ್ಪಟ್ಟಾದರೆ ಬೀಮ್ ಎಂಟು ಪಟ್ಟು ಬಾಗುತ್ತದೆ: ಕಾರಣವೇನು, ಲೆಕ್ಕ ಹಾಕುವುದು ಹೇಗೆ

ಎರಡು ಆಧಾರಗಳ ನಡುವಿನ ದೂರ, ಅಂದರೆ ಸ್ಪ್ಯಾನ್, 4 ಮೀಟರ್ ಇದ್ದಾಗ ಚೆನ್ನಾಗಿ ನಿಂತಿರುವ ಬೀಮಿನ ಸೆಕ್ಷನ್ನನ್ನೇ 6 ಮೀಟರಿಗೂ ಹಾಕಿದರೆ ಬಾಗು ಒಂದೂವರೆ ಪಟ್ಟಾಗಬಹುದು ಎಂದು ಹೆಚ್ಚಿನವರ ಅಂದಾಜು. ನಡುವಿನಲ್ಲಿ ಅಷ್ಟೇ ಭಾರ ತೂಗಿದರೂ ಅದು 3.4 ಪಟ್ಟು ಬಾಗುತ್ತದೆ. ಒಂದೂವರೆಯನ್ನು ಮೂರು ಸಲ ಗುಣಿಸಿದರೆ ಸಿಗುವ ಸಂಖ್ಯೆ ಇದು: 1.5 × 1.5 × 1.5 = 3.375. ಈ ಮೂರು ಗುಣಾಕಾರ ಎಲ್ಲಿಂದ ಬಂತೆಂದು ತಿಳಿದುಕೊಂಡರೆ ಸೂತ್ರವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎಲ್ಲಿ ಮೂರರ ಬದಲು ನಾಲ್ಕು ಸಲ ಗುಣಿಸಬೇಕು, ಎಲ್ಲಿ ಎರಡೇ ಸಾಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಉದಾಹರಣೆಗೆ ಒಂದು ಗ್ಯಾರೇಜಿನ ಚೈನ್ ಪುಲ್ಲಿ ಬೀಮನ್ನು ತೆಗೆದುಕೊಳ್ಳೋಣ. ಎರಡು ಗೋಡೆಗಳ ಮೇಲೆ ಕೂತ ಒಂದು ಐ-ಸೆಕ್ಷನ್, ಅದರ ಕೆಳ ಫ್ಲ್ಯಾಂಜಿನಲ್ಲಿ ಓಡುವ ಟ್ರಾಲಿ, ಟ್ರಾಲಿಗೆ 1 ಟನ್ ಎತ್ತುವ ಕೈ ಪುಲ್ಲಿ. ಪುಲ್ಲಿ, ಟ್ರಾಲಿ ಸೇರಿ ಇನ್ನೊಂದು 20–25 ಕಿಲೋ. ಒಟ್ಟು ಭಾರ ಸುಮಾರು 1,025 ಕಿಲೋ, ಅಂದರೆ 10 ಕಿಲೋನ್ಯೂಟನ್. ಟ್ರಾಲಿ ನಟ್ಟನಡುವೆ ಇದ್ದಾಗ ಬೀಮ್ ಅತಿ ಹೆಚ್ಚು ಬಾಗುತ್ತದೆ. ಆದ್ದರಿಂದ ಲೆಕ್ಕ ಆ ಸ್ಥಿತಿಗೆ.

ಮೂರು ಸಲ ಉದ್ದ ಬರುವುದು ಹೇಗೆ

L ಉದ್ದದ ಸ್ಪ್ಯಾನಿನ ನಡುವಿನಲ್ಲಿ W ಭಾರ ತೂಗಿದರೆ ಎರಡೂ ತುದಿಯ ಆಧಾರಗಳು ಅರ್ಧರ್ಧ ಹೊರುತ್ತವೆ. ಆಧಾರ ಕೊಡುವ W/2 ಬಲ ನಡುವಿನಿಂದ L/2 ದೂರದಲ್ಲಿದೆ. ಇವೆರಡರ ಗುಣಲಬ್ಧವೇ ನಡುವಿನ ಬೆಂಡಿಂಗ್ ಮೊಮೆಂಟ್: WL/4. ಭಾರ ಬದಲಾಗದಿದ್ದರೂ ಸ್ಪ್ಯಾನ್ ಉದ್ದವಾದಷ್ಟೂ ಮೊಮೆಂಟ್ ಹೆಚ್ಚುತ್ತದೆ. ಮೊದಲನೆಯ L ಇದು.

ಮೊಮೆಂಟ್ ಬಿದ್ದ ಕಡೆ ಬೀಮ್ ಸ್ವಲ್ಪ ಬಳುಕುತ್ತದೆ. ಆ ಬಳುಕಿನ ತೀವ್ರತೆ ಮೊಮೆಂಟನ್ನು EI ಯಿಂದ ಭಾಗಿಸಿದಷ್ಟು. E ಎಂದರೆ ಲೋಹದ ಬಿಗುವು, I ಎಂದರೆ ಸೆಕ್ಷನ್ನಿನ ಆಕಾರದಿಂದ ಬರುವ ಬಿಗುವು. ಒಂದೊಂದು ಮಿಲಿಮೀಟರಿನಲ್ಲೂ ಬೀಮ್ ಚೂರು ಚೂರು ಓರೆಯಾಗುತ್ತಾ ಹೋಗುತ್ತದೆ, ಆ ಓರೆಗಳೆಲ್ಲ ಕೂಡಿ ತುದಿಯಲ್ಲಿ ಒಂದು ಇಳಿಜಾರಾಗುತ್ತದೆ. ಬಳುಕುವ ಉದ್ದ ಜಾಸ್ತಿಯಾದರೆ ಕೂಡಿಕೊಳ್ಳುವ ಚೂರುಗಳೂ ಜಾಸ್ತಿ. ಇದು ಎರಡನೆಯ L.

ಇಳಿಜಾರಿನಲ್ಲಿ ಎಷ್ಟು ದೂರ ಹೋಗುತ್ತೇವೋ ಅಷ್ಟು ಕೆಳಗಿಳಿಯುತ್ತೇವೆ. ಅದೇ ಇಳಿಜಾರಿನ ರಸ್ತೆಯಲ್ಲಿ 2 ಮೀಟರ್ ನಡೆದವನಿಗಿಂತ 3 ಮೀಟರ್ ನಡೆದವನು ಹೆಚ್ಚು ಕೆಳಗಿರುತ್ತಾನಲ್ಲ, ಹಾಗೆ. ಇದು ಮೂರನೆಯ L.

ಈಗ ಸಂಖ್ಯೆ ತುಂಬೋಣ. ತುದಿಯಿಂದ ನಡುವಿನವರೆಗೆ ಮೊಮೆಂಟಿನ ಚಿತ್ರ ಒಂದು ತ್ರಿಕೋನ. ಅದರ ತಳ L/2, ಎತ್ತರ WL/4. ಅದರ ವಿಸ್ತೀರ್ಣವನ್ನು EI ಯಿಂದ ಭಾಗಿಸಿದರೆ ತುದಿಯ ಇಳಿಜಾರು ಸಿಗುತ್ತದೆ. ಆ ತ್ರಿಕೋನದ ಗುರುತ್ವ ಕೇಂದ್ರ ತುದಿಯಿಂದ L/3 ದೂರದಲ್ಲಿದೆ. ಇಳಿಜಾರನ್ನು ಆ ದೂರದಿಂದ ಗುಣಿಸಿದರೆ ನಡುವಿನ ಬಾಗು δ ಬಂದುಬಿಡುತ್ತದೆ.

```
M     = W·L/4
slope = (1/2)·(L/2)·(W·L/4)/(E·I) = W·L²/(16·E·I)
δ     = slope·(L/3)               = W·L³/(48·E·I)
```

ಪುಸ್ತಕಗಳಲ್ಲಿ ಸಿದ್ಧವಾಗಿ ಸಿಗುವ 48 ಈ ಮೂರೇ ಸಾಲಿನಿಂದ ಬಂದದ್ದು. ಟ್ರಾಲಿ ನಡುವಿನಿಂದ ಪಕ್ಕಕ್ಕೆ ಸರಿದರೆ 48 ಬದಲಾಗುತ್ತದೆ, ಘನ ಬದಲಾಗುವುದಿಲ್ಲ.

ನಾಲ್ಕನೆಯ L

ಭಾರ ಒಂದೇ ಕಡೆ ತೂಗದೆ ಬೀಮಿನುದ್ದಕ್ಕೂ ಹರಡಿದ್ದರೆ ಸ್ಪ್ಯಾನ್ ಹೆಚ್ಚಿದಂತೆ ಭಾರವೂ ಹೆಚ್ಚುತ್ತದೆ. ಸ್ಲ್ಯಾಬ್, ಗೋಡೆ, ಬೀಮಿನ ಸ್ವಂತ ತೂಕ ಎಲ್ಲ ಈ ಜಾತಿಯವು. ಮೀಟರಿಗೆ w ಭಾರವಿದ್ದರೆ ಒಟ್ಟು ಭಾರ wL. ಹಾಗಾಗಿ ಬಾಗು L⁴ ಗೆ ತಕ್ಕಂತೆ ಏರುತ್ತದೆ:

```
δ = 5·w·L⁴/(384·E·I) = 5·(w·L)·L³/(384·E·I)
```

ಒಟ್ಟು ಭಾರ ಅಷ್ಟೇ ಇಟ್ಟು ಹರಡಿದರೆ ಮಾತ್ರ ಇಲ್ಲೂ ಘನವೇ. ಆಗ ಬಾಗು, ಅದೇ ಭಾರವನ್ನು ನಡುವಿನಲ್ಲಿ ತೂಗಿಸಿದಾಗ ಬರುವುದರ 5/8 ಭಾಗ. ಸೈಟಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಸ್ಪ್ಯಾನ್ ಬೆಳೆದಾಗ ಭಾರ ಹಾಗೇ ಇರುತ್ತದೋ, ಜೊತೆಗೇ ಬೆಳೆಯುತ್ತದೋ? ಪುಲ್ಲಿಯ ಭಾರ ಬೆಳೆಯುವುದಿಲ್ಲ, ಅಟ್ಟದ ಭಾರ ಬೆಳೆಯುತ್ತದೆ.

ಹಂತ 1: ಸ್ಪ್ಯಾನ್ ಸರಿಯಾಗಿ ಅಳೆಯಿರಿ

ಮೂರು ಸಲ ಗುಣಿಸಿಕೊಳ್ಳುವ ಅಳತೆಯಲ್ಲಿ ತಪ್ಪಾದರೆ ಆ ತಪ್ಪೂ ಮೂರು ಸಲ ಗುಣಿಸಿಕೊಳ್ಳುತ್ತದೆ. ಟೇಪ್ ಹಿಡಿಯುವವರು ಸಾಮಾನ್ಯವಾಗಿ ಒಂದು ಗೋಡೆಯ ಒಳಮುಖದಿಂದ ಇನ್ನೊಂದರ ಒಳಮುಖಕ್ಕೆ ಅಳೆಯುತ್ತಾರೆ. ಬೀಮಿನ ಲೆಕ್ಕಕ್ಕೆ ಬೇಕಾದದ್ದು ಒಂದು ಆಧಾರದ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ. ಒಳ ಅಳತೆ 4.00 ಮೀಟರ್, ಬೀಮ್ ಎರಡೂ ಕಡೆ 230 ಮಿಮೀ ಗೋಡೆಯ ಪೂರ್ತಿ ದಪ್ಪದ ಮೇಲೆ ಕೂತಿದ್ದರೆ ಸ್ಪ್ಯಾನ್ 4.23 ಮೀಟರ್. ವ್ಯತ್ಯಾಸ ಶೇ 6 ಕೂಡ ಇಲ್ಲ, ಬಾಗಿನಲ್ಲಿ ಮಾತ್ರ ಶೇ 18.

ನೆನಪಿಗೆ ಒಂದೆರಡು ಅಂಕಿ: ಸ್ಪ್ಯಾನ್ ಶೇ 10 ಹೆಚ್ಚಾದರೆ ಬಾಗು ಶೇ 33 ಹೆಚ್ಚುತ್ತದೆ. ಕಾಲು ಭಾಗ ಹೆಚ್ಚಾದರೆ ಬಾಗು ಹೆಚ್ಚುಕಮ್ಮಿ ದುಪ್ಪಟ್ಟು.

ಮುಂದಿನ ಲೆಕ್ಕದಲ್ಲಿ 4 ಮೀಟರ್, 6 ಮೀಟರ್ ಎಂದರೆ ಮಧ್ಯದಿಂದ ಮಧ್ಯಕ್ಕೆ ಅಳೆದದ್ದು.

ಹಂತ 2: ಎಷ್ಟು ಬಾಗಬಹುದು ಎಂದು ಮೊದಲೇ ನಿಗದಿ ಮಾಡಿ

ಉಕ್ಕಿನ ಕಟ್ಟಡಗಳಿಗೆ ನಮ್ಮಲ್ಲಿ ಬಳಕೆಯಲ್ಲಿರುವ ಐಎಸ್ 800:2007 ಈ ಮಿತಿಗಳನ್ನು ಕೊಡುತ್ತದೆ. ಕೈಯಿಂದ ನಡೆಸುವ ಕ್ರೇನ್ ಓಡುವ ಬೀಮಿಗೆ ಸ್ಪ್ಯಾನಿನ 1/500, 50 ಟನ್ನಿನೊಳಗಿನ ವಿದ್ಯುತ್ ಕ್ರೇನಿಗೆ 1/750. ಸಾಮಾನ್ಯ ಕಟ್ಟಡದ ನೆಲ, ಛಾವಣಿಯ ಬೀಮುಗಳಿಗೆ ಮೇಲಿನ ಕೆಲಸ ಬಿರುಕು ಬಿಡುವಂಥದ್ದಲ್ಲದಿದ್ದರೆ 1/300, ಬಿರುಕು ಬಿಡುವಂಥದ್ದಾದರೆ 1/360. ನಮ್ಮ ಕೈ ಪುಲ್ಲಿಗೆ 1/500 ಹಿಡಿಯೋಣ. 4 ಮೀಟರಿಗೆ 8 ಮಿಮೀ, 6 ಮೀಟರಿಗೆ 12 ಮಿಮೀ.

ಟ್ರಾಲಿ ಓಡುವ ಬೀಮಿಗೆ ಮಿತಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಬೀಮ್ ಬಾಗಿದರೆ ಟ್ರಾಲಿ ತಾನಾಗಿ ನಡುವಿಗೆ ಉರುಳುತ್ತದೆ, ತುದಿಗೆ ಒಯ್ಯಬೇಕಾದರೆ ಇಂಜಿನ್ ಹೊತ್ತ ಟ್ರಾಲಿಯನ್ನು ಏರಿನಲ್ಲಿ ತಳ್ಳಬೇಕಾಗುತ್ತದೆ. ಸರಪಳಿ ಕೈಬಿಟ್ಟ ಕೂಡಲೇ ಭಾರ ನಡುವಿಗೆ ಹೊರಟಿತೆಂದರೆ ಬೀಮ್ ಲೆವೆಲ್ಲಿನಲ್ಲಿಲ್ಲ ಅಥವಾ ಬಿಗುವು ಸಾಲದು ಎಂದೇ ಅರ್ಥ.

ಹಂತ 3: ಸೆಕ್ಷನ್ ಆರಿಸಿ

E ಉಕ್ಕಿಗೆ 2 × 10⁵ ನ್ಯೂಟನ್ ಪ್ರತಿ ಚದರ ಮಿಮೀ. ಐಎಸ್‌ಎಂಬಿ ಎಂದರೆ ನಮ್ಮಲ್ಲಿ ಸಿಗುವ ಒಂದು ಜಾತಿಯ ಐ-ಸೆಕ್ಷನ್, ಅದರ ಮುಂದಿನ ಸಂಖ್ಯೆ ಮಿಮೀಯಲ್ಲಿ ಅದರ ಆಳ. ಐಎಸ್‌ಎಂಬಿ 150 ರ I 726 ಸೆಂಮೀ⁴, 175 ರದ್ದು 1,272, 200 ರದ್ದು 2,235, 250 ರದ್ದು 5,132. ಇವು ಸೆಕ್ಷನ್ ಪಟ್ಟಿಯಲ್ಲಿ ಸಿಗುತ್ತವೆ. ಲೆಕ್ಕ ಹಾಕುವಾಗ ಎಲ್ಲವನ್ನೂ ನ್ಯೂಟನ್, ಮಿಮೀಗೆ ತನ್ನಿ. 1 ಸೆಂಮೀ⁴ ಎಂದರೆ 10,000 ಮಿಮೀ⁴. ಇಲ್ಲಿ ಸೊನ್ನೆ ತಪ್ಪುವುದೇ ಅತಿ ಸಾಮಾನ್ಯವಾದ ತಪ್ಪು.

```
ISMB 150, L = 4000 mm, W = 10000 N
δ = 10000·4000³/(48·200000·7264000) = 9.2 mm
```

ಮಿತಿ 8 ಮಿಮೀ, ಆದ್ದರಿಂದ 150 ಸಾಲದು. ಅದೇ ಲೆಕ್ಕದಲ್ಲಿ 175 ಕ್ಕೆ 5.2 ಮಿಮೀ ಬರುತ್ತದೆ, ಸ್ವಂತ ತೂಕದ ಬಾಗು ಕಾಲು ಮಿಮೀ ಸೇರಿಸಿದರೂ ಆರಾಮಾಗಿ ಒಳಗಿದೆ. 4 ಮೀಟರಿಗೆ ಐಎಸ್‌ಎಂಬಿ 175.

ಈಗ ಅದೇ 175 ನ್ನು 6 ಮೀಟರಿಗೆ ಎಳೆಯಿರಿ. ಹೊಸದಾಗಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ: 5.24 × 3.375 = 17.7 ಮಿಮೀ. ಸ್ವಂತ ತೂಕದ ಬಾಗು ನಾಲ್ಕನೆಯ ಘಾತದಲ್ಲಿ ಏರಿ 0.25 ರಿಂದ 1.25 ಮಿಮೀ ಆಗುತ್ತದೆ, ಐದು ಪಟ್ಟು. ಒಟ್ಟು ಸುಮಾರು 19 ಮಿಮೀ, ಮಿತಿ 12.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. 6 ಮೀಟರಿನಲ್ಲಿ ಈ 175 ಸೆಕ್ಷನ್ನಿನ ಒತ್ತಡ ಎಷ್ಟು? ಕೈ ಪುಲ್ಲಿಯ ಜರ್ಕಿಗೆಂದು ಭಾರಕ್ಕೆ ಶೇ 10 ಕೂಡಿಸಿದರೆ ಮೊಮೆಂಟ್ ಸ್ವಂತ ತೂಕವೂ ಸೇರಿ 17.4 ಕಿಲೋನ್ಯೂಟನ್-ಮೀಟರ್. ಅದನ್ನು ಸೆಕ್ಷನ್ ಮಾಡ್ಯುಲಸ್ 145 ಸೆಂಮೀ³ ನಿಂದ ಭಾಗಿಸಿದರೆ ಸುಮಾರು 119 ನ್ಯೂಟನ್ ಪ್ರತಿ ಚದರ ಮಿಮೀ. ಸಾಮಾನ್ಯ ಉಕ್ಕು 250 ರಲ್ಲಿ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುಮಾಡುತ್ತದೆ. ಒತ್ತಡ ಅದರ ಅರ್ಧವೂ ಆಗಿಲ್ಲ, ಬಾಗು ಮಾತ್ರ ಮಿತಿಯನ್ನು ಒಂದೂವರೆ ಪಟ್ಟು ದಾಟಿದೆ. ಮೊಮೆಂಟಿನಲ್ಲಿ ಇರುವುದು ಒಂದೇ L, ಬಾಗಿನಲ್ಲಿ ಮೂರು. ಹಾಗಾಗಿ ಸ್ಪ್ಯಾನ್ ಬೆಳೆದಂತೆ ‘ಮುರಿಯುತ್ತದೆಯೇ’ ಎಂಬ ಪ್ರಶ್ನೆಗಿಂತ ಮೊದಲೇ ‘ಬಾಗುತ್ತದೆಯೇ’ ಎಂಬ ಪ್ರಶ್ನೆ ಎದುರು ನಿಲ್ಲುತ್ತದೆ. ಒತ್ತಡ ನೋಡಿ ಸೆಕ್ಷನ್ ಪಾಸ್ ಮಾಡುವ ಫ್ಯಾಬ್ರಿಕೇಟರ್ ಸಣ್ಣ ಸ್ಪ್ಯಾನಿನಲ್ಲಿ ಬಚಾವಾಗಿ ದೊಡ್ಡ ಸ್ಪ್ಯಾನಿನಲ್ಲಿ ಸಿಕ್ಕಿಬೀಳುವುದು ಇದರಿಂದಲೇ.

ಇದೇ ಕಾರಣಕ್ಕೆ ಹೆಚ್ಚು ಬಲದ ಉಕ್ಕು ತಂದರೆ ಬಾಗು ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. 250 ಗ್ರೇಡಾಗಲಿ 350 ಗ್ರೇಡಾಗಲಿ E ಒಂದೇ. ಸೂತ್ರದಲ್ಲಿ ಬಲಕ್ಕೆ ಜಾಗವೇ ಇಲ್ಲ.

ಹಂತ 4: ಸೂತ್ರವನ್ನು ತಿರುಗಿಸಿ ಇಟ್ಟುಕೊಳ್ಳಿ

ಒಂದೊಂದು ಸೆಕ್ಷನ್ ಹಾಕಿ ನೋಡುವ ಬದಲು ಬೇಕಾದ I ಯನ್ನೇ ನೇರವಾಗಿ ಕಂಡುಹಿಡಿಯಬಹುದು. ಮಿತಿ L/n ಎಂದಿಟ್ಟುಕೊಂಡು, W ಕಿಲೋನ್ಯೂಟನ್ನಿನಲ್ಲಿ, w ಮೀಟರಿಗೆ ಕಿಲೋನ್ಯೂಟನ್ನಿನಲ್ಲಿ, L ಮೀಟರಿನಲ್ಲಿ ಹಾಕಿದರೆ ಉಕ್ಕಿನ ಬೀಮಿಗೆ I ಸೆಂಮೀ⁴ ನಲ್ಲಿ ಸಿಗುತ್ತದೆ:

```
I = n·W·L²/96      (W at midspan)
I = n·w·L³/154     (w per metre, full span)
```

ಮೊದಲ ಸಾಲಿನಲ್ಲಿ L ಘನವಾಗಿಲ್ಲ, ವರ್ಗವಾಗಿದೆ. ಮಿತಿಯೇ ಸ್ಪ್ಯಾನಿನ ಭಾಗವಾದ್ದರಿಂದ ಒಂದು L ಆ ಕಡೆ ಹೊಡೆದುಹೋಗುತ್ತದೆ. ಅಂದರೆ 4 ಮೀಟರಿನಿಂದ 6 ಕ್ಕೆ ಹೋದರೆ I 3.375 ಪಟ್ಟು ಬೇಕಿಲ್ಲ, 2.25 ಪಟ್ಟು ಸಾಕು. ಹಾಗೆಂದು ಬಾಗಿಲು, ಗಾಜು, ರೋಲಿಂಗ್ ಶಟರ್ ಮೇಲಿನ ಬೀಮಿಗೆ ಈ ರಿಯಾಯಿತಿ ಸಿಗುವುದಿಲ್ಲ. ಶಟರಿಗೆ ಇರುವ ಸಂದು 10 ಮಿಮೀ ಆದರೆ ಸ್ಪ್ಯಾನ್ ಎಷ್ಟಿದ್ದರೂ ಅದು 10 ಮಿಮೀಯೇ, ಆಗ ಪೂರ್ತಿ ಘನ ತೆರಬೇಕು. ಭಾರ ಹರಡಿದ್ದರೆ ನಾಲ್ಕನೆಯ ಘಾತ.

ನಮ್ಮ ಪುಲ್ಲಿಗೆ n = 500, W = 10. ಸ್ಪ್ಯಾನ್ 4 ಮೀಟರಾದರೆ 833 ಸೆಂಮೀ⁴ ಬೇಕು, 5 ಮೀಟರಾದರೆ 1,302, 6 ಮೀಟರಾದರೆ 1,875. 5 ಮೀಟರಿನಲ್ಲಿ ಐಎಸ್‌ಎಂಬಿ 175 ಕೂದಲೆಳೆಯಲ್ಲಿ ಫೇಲಾಗುತ್ತದೆ, 1,272 ಇದೆ. 6 ಮೀಟರಿಗೆ 200 ಹಾಕಿದರೆ ಪುಲ್ಲಿಯಿಂದ 10.1 ಮಿಮೀ, ಸ್ವಂತ ತೂಕದಿಂದ 0.9, ಒಟ್ಟು 11. ಮಿತಿಯೊಳಗಿದೆ.

ಇಲ್ಲಿಗೆ ನಿಲ್ಲಿಸಬೇಡಿ. ಉದ್ದನೆಯ ತೆಳ್ಳನೆಯ ಐ-ಸೆಕ್ಷನ್ ಕೆಳಗೆ ಬಾಗುವ ಮುಂಚೆ ಪಕ್ಕಕ್ಕೆ ವಾಲಿ ತಿರುಚಿಕೊಳ್ಳಬಹುದು. ಮೇಲಿನ ಫ್ಲ್ಯಾಂಜನ್ನು ಪಕ್ಕದಿಂದ ಎಲ್ಲೂ ಹಿಡಿದಿಲ್ಲವಾದರೆ 6 ಮೀಟರಿನ ಐಎಸ್‌ಎಂಬಿ 200 ಈ ಇನ್ನೊಂದು ಪರೀಕ್ಷೆಯಲ್ಲಿ ಅಂಚಿಗೆ ಬರುತ್ತದೆ. ನಡುವಿನಲ್ಲಿ ಮೇಲಿನ ಫ್ಲ್ಯಾಂಜಿಗೆ ಅಡ್ಡ ಟೈ ಕೊಟ್ಟು ಹಿಡಿಯಬೇಕು, ಇಲ್ಲವೇ 250 ಕ್ಕೆ ಹೋಗಬೇಕು. ಬಾಗಿನ ಲೆಕ್ಕ ಇದನ್ನು ಹೇಳುವುದಿಲ್ಲ. ಗೋಡೆಯ ಬೇರಿಂಗ್, ಟ್ರಾಲಿ ಚಕ್ರ ಕೂರುವ ಕಡೆ ಫ್ಲ್ಯಾಂಜಿನ ದಪ್ಪ, ಇವನ್ನೂ ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆಯೇ ಭಾರ ತೂಗಿಸಿ.

ಹಂತ 5: ಬೀಮ್ ದಪ್ಪ ಮಾಡುವ ಮುಂಚೆ ಸ್ಪ್ಯಾನ್ ಕತ್ತರಿಸಲಾಗುತ್ತದೆಯೇ ನೋಡಿ

6 ಮೀಟರಿನ ನಡುವೆ ಒಂದು ಕಂಬ ಬಂದರೆ ಎರಡು 3 ಮೀಟರ್ ಸ್ಪ್ಯಾನ್. ಬಾಗು ಎಂಟನೇ ಒಂದು ಭಾಗ. ಬೇಕಾದ I 469 ಸೆಂಮೀ⁴ ಮಾತ್ರ, ಐಎಸ್‌ಎಂಬಿ 150 ಧಾರಾಳವಾಗಿ ಸಾಕು, ಬಾಗು 3.9 ಮಿಮೀ. ತೂಕ ನೋಡಿದರೆ ಐಎಸ್‌ಎಂಬಿ 200 ರಲ್ಲಿ 6 ಮೀಟರಿಗೆ 152 ಕಿಲೋ, 150 ರಲ್ಲಿ 89 ಕಿಲೋ. ಉಳಿದ 63 ಕಿಲೋದಲ್ಲಿ ಕಂಬದ ಉಕ್ಕು ಬಹುಪಾಲು ಬಂದುಬಿಡುತ್ತದೆ, ಅಡಿಪಾಯದ ಖರ್ಚು ಬೇರೆ. ಪಕ್ಕಕ್ಕೆ ತಿರುಚುವ ತಲೆನೋವೂ ಇಳಿಯುತ್ತದೆ. ಗ್ಯಾರೇಜಿನಲ್ಲಿ ಗಾಡಿ ಓಡಾಡುವ ಜಾಗಕ್ಕೆ ಕಂಬ ಅಡ್ಡ ಬರುವುದೇ ಇದರ ಒಂದೇ ತೊಂದರೆ, ಅದನ್ನು ಮಾಲೀಕರೇ ತೀರ್ಮಾನಿಸಬೇಕು.

ಕಂಬ ಆಗದಿದ್ದರೆ ಆಳ ಹೆಚ್ಚಿಸಿ, ಅಗಲವನ್ನಲ್ಲ. ಆಯತಾಕಾರದ ಸೆಕ್ಷನ್ನಿನ I ಆಳದ ಘನಕ್ಕೆ ತಕ್ಕಂತೆ ಏರುತ್ತದೆ, ಅಗಲಕ್ಕೆ ಬರೀ ಒಂದು ಪಟ್ಟು. ಸ್ಪ್ಯಾನಿನ ಘನವನ್ನು ಆಳದ ಘನ ಹೊಡೆದುಹಾಕುತ್ತದೆ. ಕಾಂಕ್ರೀಟಿನವರು ಐಎಸ್ 456 ರಲ್ಲಿ ಬಳಸುವ ಸ್ಪ್ಯಾನ್-ಆಳದ ಅನುಪಾತದ ಹಿಂದೆ ಇರುವುದೂ ಇದೇ: ಕ್ಯಾಂಟಿಲಿವರಿಗೆ 7, ಎರಡು ಕಡೆ ಕೂತ ಬೀಮಿಗೆ 20, ಸಾಲಾಗಿ ಮುಂದುವರಿದ ಬೀಮಿಗೆ 26. ಇವು 10 ಮೀಟರಿನವರೆಗೆ ಮಾತ್ರ. ಅದರಾಚೆ 20 ಮತ್ತು 26 ನ್ನು 10/ಸ್ಪ್ಯಾನಿನಿಂದ ಗುಣಿಸಿ ಇಳಿಸಬೇಕು. ಹಾಗಾಗಿ 12 ಮೀಟರಿನ ಸಾದಾ ಬೀಮಿಗೆ 20 ಅಲ್ಲ, 16.7. ಕ್ಯಾಂಟಿಲಿವರ್ 10 ಮೀಟರ್ ಮೀರಿದರೆ ಅನುಪಾತ ನಂಬದೆ ಬಾಗನ್ನೇ ಲೆಕ್ಕ ಹಾಕಬೇಕು.

ಕ್ಯಾಂಟಿಲಿವರಿನಲ್ಲಿ ಮೋಸ ಹೋಗುವ ಜಾಗ

ಒಂದು ತುದಿ ಮಾತ್ರ ಹಿಡಿದಿರುವ ಬೀಮಿನ ಬಾಗು WL³/3EI. ಅಷ್ಟೇ ಉದ್ದದ, ಎರಡೂ ಕಡೆ ಕೂತ ಬೀಮಿಗಿಂತ 16 ಪಟ್ಟು. ಆದರೆ ಈ ಸೂತ್ರ ಬುಡ ಕದಲುವುದೇ ಇಲ್ಲ ಎಂದು ನಂಬಿ ಬರೆದದ್ದು. ಪುಲ್ಲಿ ಬೀಮನ್ನು ಗೋಡೆಯಾಚೆ 1.2 ಮೀಟರ್ ಚಾಚಿ, ಒಳಗೆ 3 ಮೀಟರ್ ಹಿಂಭಾಗ ಬಿಟ್ಟಿದ್ದಾರೆ ಎನ್ನಿ. ತುದಿಯಲ್ಲಿ ಭಾರ ತೂಗಿದಾಗ ಒಳಗಿನ 3 ಮೀಟರೂ ಮೇಲಕ್ಕೆ ಬಳುಕಿ ಗೋಡೆಯ ಮೇಲೆ ಬೀಮ್ ಓರೆಯಾಗುತ್ತದೆ, ಆ ಓರೆ ಹೊರಗಿನ 1.2 ಮೀಟರುದ್ದಕ್ಕೂ ತುದಿಯನ್ನು ಇನ್ನಷ್ಟು ಇಳಿಸುತ್ತದೆ. ಚಾಚಿದ ಭಾಗ a, ಹಿಂಭಾಗ L ಆದರೆ:

```
δ = W·a²·(L + a)/(3·E·I)
```

ಬರೀ Wa³/3EI ಹಾಕಿದ್ದಕ್ಕೆ ಹೋಲಿಸಿದರೆ ಇದು (3 + 1.2)/1.2, ಅಂದರೆ ಮೂರೂವರೆ ಪಟ್ಟು. ಬಾಲ್ಕನಿ, ಸಜ್ಜಾ, ಬೋರ್ಡ್ ತೂಗುಹಾಕುವ ಚಾಚುಗಳು ಲೆಕ್ಕಕ್ಕಿಂತ ಹೆಚ್ಚು ಇಳಿದಿವೆ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಬೇಕು.

ಹಂತ 6: ಹಾಕಿದ ಮೇಲೆ ಅಳೆದು ನೋಡಿ

ಭಾರವಿಲ್ಲದಾಗ ಬೀಮಿನ ಕೆಳಗಿನ ಮುಖಕ್ಕೆ ಲೇಸರ್ ಲೆವೆಲ್ಲಿನಿಂದ ಮೂರು ಕಡೆ ಅಳತೆ ತೆಗೆಯಿರಿ: ಎರಡು ತುದಿ, ಒಂದು ನಡು. ಗೊತ್ತಿರುವ ತೂಕವನ್ನು ನಡುವಿನಲ್ಲಿ ನೆಲದಿಂದ ಬರೀ ಒಂದು ಗೇಣು ಎತ್ತಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು, ಮತ್ತೆ ಅದೇ ಮೂರು ಕಡೆ ಅಳೆಯಿರಿ. ನಡುವಿನ ಇಳಿತದಿಂದ ಎರಡು ತುದಿಗಳ ಇಳಿತದ ಸರಾಸರಿಯನ್ನು ಕಳೆದರೆ ಉಳಿಯುವುದೇ ಬೀಮಿನ ಬಾಗು. ತುದಿ ಅಳೆಯದೆ ಬರೀ ನಡು ಅಳೆದರೆ ಗೋಡೆಯ ಬೆಡ್ ಪ್ಲೇಟ್ ಕುಸಿದದ್ದೂ ಬೀಮಿನ ತಲೆಗೇ ಬರುತ್ತದೆ.

ಹೀಗೆ ಅಳೆದಾಗ ಸ್ವಂತ ತೂಕದ ಬಾಗು ಕಾಣುವುದಿಲ್ಲ, ಅದು ಮೊದಲೇ ಆಗಿಬಿಟ್ಟಿರುತ್ತದೆ. 4 ಮೀಟರಿನ ಐಎಸ್‌ಎಂಬಿ 175 ರಲ್ಲಿ 500 ಕಿಲೋ ಎತ್ತಿದರೆ ಎರಡೂವರೆ ಮಿಮೀ ಆಸುಪಾಸು ಬರಬೇಕು. ಅರ್ಧ ಭಾರಕ್ಕೆ ಅರ್ಧ ಬಾಗು, ಭಾರದ ಮಟ್ಟಿಗೆ ಘನ ಗಿನ ಏನೂ ಇಲ್ಲ. 3.5 ಬಂದರೆ ಸ್ಪ್ಯಾನನ್ನು ಮತ್ತೊಮ್ಮೆ ಅಳೆಯಿರಿ, ಆಮೇಲೆ ಫ್ಲ್ಯಾಂಜಿನ ದಪ್ಪ, ಬೀಮಿನ ಆಳ ಕ್ಯಾಲಿಪರ್ ಹಾಕಿ ನೋಡಿ, 175 ಎಂದು 150 ಬಂದಿರಬಹುದು. 150 ಕ್ಕೆ 500 ಕಿಲೋಗೆ 4.5 ಮಿಮೀ ಬರುತ್ತದೆ. ಭಾರ ಇಳಿಸಿದ ಮೇಲೂ ನಡು ಮೊದಲಿನ ಜಾಗಕ್ಕೆ ವಾಪಸಾಗದಿದ್ದರೆ ಬೋಲ್ಟ್ ಜಾರಿದೆ ಅಥವಾ ಆಧಾರ ಕೂತಿದೆ. ಬೋಲ್ಟ್ ಬಿಗಿದು ಇನ್ನೊಂದು ಸಲ ಎತ್ತಿ ಇಳಿಸಿ ನೋಡಿ. ಎರಡನೆಯ ಸಲವೂ ವಾಪಸಾಗದಿದ್ದರೆ ಆ ಬೀಮಿಗೆ ಭಾರ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ ಇಂಜಿನಿಯರನ್ನು ಕರೆಸಿ.